ಹದಿನೈದನೇ ತಾರೀಖಿನ ಚರಿತ್ರೆ

ಪುಣೆಯಿಂದ ಅಹಿಲ್ಯಾನಗರದ ರಸ್ತೆ ಹಿಡಿದು ಸುಮಾರು 50 ಕಿಲೋಮೀಟರ್ ಹೋದರೆ ರಾಂಜಣಗಾಂವ ಸಿಗುತ್ತದೆ. ಅಷ್ಟವಿನಾಯಕರಲ್ಲಿ ಒಬ್ಬನಾದ ಮಹಾಗಣಪತಿಯ ಊರು. ಅದೇ ಊರಿನ ಹೆಸರು ಹೊತ್ತ ದೊಡ್ಡ ಕೈಗಾರಿಕಾ ಪ್ರದೇಶವೂ ಅಲ್ಲಿದೆ. ಫ್ರಿಜ್, ವಾಷಿಂಗ್ ಮಶಿನ್, ಕಾರು ತಯಾರಿಸುವ ಕಂಪನಿಗಳ ಹೆಸರು ಎಲ್ಲರಿಗೂ ಗೊತ್ತು. ಅಂಥ ಕಂಪನಿಗಳಿಗೆ ಬಿಡಿಭಾಗ ಒದಗಿಸುವ, ಪ್ಯಾಕಿಂಗ್ ಮಾಡಿಕೊಡುವ, ಆಳುಗಳನ್ನು ಪೂರೈಸುವ ಸಣ್ಣ ಘಟಕಗಳ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಕಲಬುರಗಿ, ಬೀದರ್, ವಿಜಯಪುರದ ಕಡೆಯಿಂದ ದುಡಿಯಲು ಪುಣೆ ಜಿಲ್ಲೆಗೆ ಹೋದವರ ಪಗಾರ ಬಹಳ ಸಲ ಇಂಥ ಸಣ್ಣ ಮಾಲೀಕರ ಕೈಯಿಂದಲೇ ಬರುತ್ತದೆ.

ಆ ಮಾಲೀಕರಿಗೆ ತಿಂಗಳಲ್ಲಿ ಎರಡು ತಾರೀಖು ಮುಖ್ಯ. 7ರೊಳಗೆ ಪಗಾರ ಕೊಡಬೇಕು. 15ರೊಳಗೆ ಪಿಎಫ್ ಮತ್ತು ಇಎಸ್‌ಐ ಹಣ ಕಟ್ಟಬೇಕು. ಈ ಎರಡರ ನಡುವಿನ ಎಂಟು ದಿನ ನೌಕರನ ಪಗಾರದಿಂದ ಮುರಿದುಕೊಂಡ ಹಣ ಮಾಲೀಕನ ಖಾತೆಯಲ್ಲೇ ಇರುತ್ತದೆ. ದೊಡ್ಡ ಕಂಪನಿಯಿಂದ ಬರಬೇಕಾದ ಬಿಲ್ಲು ಎರಡು ಮೂರು ತಿಂಗಳು ತಡವಾದಾಗ ಆ ಹಣದ ಮೇಲೆ ಕಣ್ಣು ಬೀಳುವುದು ಸಹಜ. ಉಕ್ಕಿನವನಿಗೆ ಕೊಡೋಣ, ಇದನ್ನು 25ಕ್ಕೆ ಕಟ್ಟಿದರಾಯಿತು ಅನ್ನಿಸುತ್ತದೆ. ಆ ಎಂಟು ದಿನ ಅದು ಯಾರ ಹಣ? ನಮ್ಮ ಕಾನೂನು ಈ ಪ್ರಶ್ನೆಗೆ ಪೂರ್ತಿ ಉತ್ತರ ಹೇಳಲು 70 ವರ್ಷ ತೆಗೆದುಕೊಂಡಿತು.

ಶುರುವಾದದ್ದು ಹೀಗೆ. ಪ್ರೊಫೆಸರ್ ಬಿ. ಪಿ. ಅದಾರ್ಕರ್ 1944ರಲ್ಲಿ ಕಾರ್ಮಿಕರ ಆರೋಗ್ಯ ವಿಮೆಯ ಬಗ್ಗೆ ವರದಿ ಕೊಟ್ಟರು. 1948ರಲ್ಲಿ ಇಎಸ್‌ಐ ಕಾಯ್ದೆ ಬಂತು. 1952ರ ಫೆಬ್ರುವರಿ 24ರಂದು ನೆಹರೂ ಕಾನ್ಪುರದಲ್ಲಿ ಯೋಜನೆಯನ್ನು ಉದ್ಘಾಟಿಸಿದರು. ಅದೇ ವರ್ಷ ಭವಿಷ್ಯ ನಿಧಿಯ ಕಾಯ್ದೆಯೂ ಬಂತು. ಮೊದಲು ಅದು ಸಿಮೆಂಟು, ಸಿಗರೇಟು, ಎಂಜಿನಿಯರಿಂಗ್, ಕಬ್ಬಿಣ ಮತ್ತು ಉಕ್ಕು, ಕಾಗದ, ಜವಳಿ ಎಂಬ ಆರು ಉದ್ಯಮಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಅದರಲ್ಲೂ 50 ಅಥವಾ ಹೆಚ್ಚು ಜನರಿದ್ದರೆ ಮಾತ್ರ. 1960ರಲ್ಲಿ ಆ ಸಂಖ್ಯೆ 20ಕ್ಕೆ ಇಳಿಯಿತು. ಸಣ್ಣ ಮಾಲೀಕ ಈ ಕಥೆಯೊಳಗೆ ಬಂದದ್ದು ಆಗ.

ಮೊದಲ ವಂತಿಗೆ ಪಗಾರದ ಶೇ 6.25. ಈಗ ವಿಚಿತ್ರವಾಗಿ ಕಾಣುವ ಈ ಅಂಕಿ ಅಂದಿನವರಿಗೆ ಸಲೀಸಾಗಿತ್ತು. ರೂಪಾಯಿಗೆ 16 ಆಣೆ, ಆದ್ದರಿಂದ ಶೇ 6.25 ಎಂದರೆ ರೂಪಾಯಿಗೆ ಒಂದಾಣೆ. ನೌಕರನದೊಂದಾಣೆ, ಮಾಲೀಕನದೊಂದಾಣೆ. ಇಎಸ್‌ಐಯಲ್ಲಂತೂ ಆರಂಭದ ವರ್ಷಗಳಲ್ಲಿ ಪ್ರತಿ ಕಾರ್ಮಿಕನಿಗೂ ಒಂದು ಕಾರ್ಡು ಇರುತ್ತಿತ್ತು. ಮಾಲೀಕ ಸ್ಟಾಂಪು ಕೊಂಡು ಅದರ ಮೇಲೆ ಅಂಟಿಸಬೇಕಿತ್ತು. ಸ್ಟಾಂಪು ಇದೆಯೋ ಇಲ್ಲವೋ ಎಂಬುದು ಕಣ್ಣಿಗೆ ಕಾಣುತ್ತಿತ್ತು.

1952ರ ಯೋಜನೆಯ ಬರಹದಲ್ಲಿ ಒಂದು ಸೂಕ್ಷ್ಮವಿದೆ. ಎರಡೂ ಪಾಲನ್ನು ಮೊದಲು ಮಾಲೀಕನೇ ಕಟ್ಟಬೇಕು, ನೌಕರನ ಪಾಲನ್ನು ಆಮೇಲೆ ಪಗಾರದಿಂದ ಮುರಿದುಕೊಳ್ಳಬಹುದು ಎಂಬುದು ಅದರ ಮೂಲ ಸೂತ್ರ. ಆ ತಿಂಗಳ ಪಗಾರದಲ್ಲಿ ಮುರಿಯಲು ಮರೆತರೆ, ಮುಂದಿನ ತಿಂಗಳು ಸೇರಿಸಿ ಮುರಿಯುವ ಹಾಗಿಲ್ಲ. ಅಪ್ಪಟ ಬರವಣಿಗೆಯ ತಪ್ಪಾಗಿದ್ದರೆ ಅಧಿಕಾರಿಯ ಲಿಖಿತ ಒಪ್ಪಿಗೆ ಬೇಕು. ಅಂದರೆ ಹೊಣೆ ಮೊದಲ ದಿನದಿಂದಲೂ ಮಾಲೀಕನದೇ. ಆದರೆ ಮುರಿದುಕೊಂಡು ಕಟ್ಟದಿದ್ದರೆ ಅದು ಬಾಕಿಯೋ ಕಳ್ಳತನವೋ ಎಂಬುದನ್ನು ಕಾಯ್ದೆ ಆಗ ಅಷ್ಟು ಖಡಾಖಂಡಿತವಾಗಿ ಹೇಳಿರಲಿಲ್ಲ.

ಅದನ್ನು ಹೇಳಿದ್ದು ಭಾರತೀಯ ದಂಡ ಸಂಹಿತೆ. 1973ರಲ್ಲಿ ಅದರ 405ನೇ ಕಲಮಿಗೆ ಒಂದು ವಿವರಣೆ ಸೇರಿತು. ಪಿಎಫ್‌ಗೆಂದು ಪಗಾರದಿಂದ ಹಣ ಮುರಿದುಕೊಂಡ ಮಾಲೀಕನಿಗೆ ಆ ಹಣವನ್ನು ನಂಬಿ ಒಪ್ಪಿಸಿದಂತೆ. ಕಟ್ಟದೆ ಹೋದರೆ ಅದನ್ನು ಅಪ್ರಾಮಾಣಿಕವಾಗಿ ಬಳಸಿಕೊಂಡಂತೆ. 1975ರಲ್ಲಿ ಇಎಸ್‌ಐಗೂ ಅದೇ ಮಾತು ಸೇರಿತು. ಇಲ್ಲಿಂದ ಮುಂದೆ ಒಂದೇ ಚಲನಿನಲ್ಲಿ ಎರಡು ಬಗೆಯ ಹಣ ಇರತೊಡಗಿತು. ಮಾಲೀಕನ ಪಾಲು ಅವನು ತೀರಿಸಬೇಕಾದ ಸಾಲ. ನೌಕರನ ಪಾಲು ಅವನ ಬಳಿ ಇಟ್ಟ ಒತ್ತೆ.

ಲೆಕ್ಕ ಮಾಡಿ ನೋಡಿದರೆ ಈ ಭೇದ ಸ್ಪಷ್ಟವಾಗುತ್ತದೆ. ರಾಂಜಣಗಾಂವದಲ್ಲಿ 22 ಜನರ ಒಂದು ಘಟಕ, 2024ರ ಆಗಸ್ಟ್ ತಿಂಗಳ ಪಗಾರ ಎಂದು ಎಣಿಸಿಕೊಳ್ಳೋಣ. ಸರಳವಾಗಲೆಂದು ಎಲ್ಲರಿಗೂ ಒಂದೇ ಪಗಾರ: ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 13,000, ಮನೆ ಬಾಡಿಗೆ ಭತ್ಯೆ 3,000, ಓವರ್‌ಟೈಮ್ 1,200. ಒಟ್ಟು 17,200 ರೂಪಾಯಿ.

ಮೊದಲ ಎಡವಟ್ಟು ಇಲ್ಲೇ ಆಗುತ್ತದೆ. ಪಿಎಫ್‌ಗೂ ಇಎಸ್‌ಐಗೂ ಪಗಾರ ಎಂದರೆ ಒಂದೇ ಅಲ್ಲ. ಆ ವರ್ಷದ ನಿಯಮದಂತೆ ಪಿಎಫ್ ಲೆಕ್ಕಕ್ಕೆ ಮನೆ ಬಾಡಿಗೆ ಭತ್ಯೆ ಮತ್ತು ಓವರ್‌ಟೈಮ್ ಸೇರುವುದಿಲ್ಲ. ಇಎಸ್‌ಐ ಲೆಕ್ಕಕ್ಕೆ ಎರಡೂ ಸೇರುತ್ತವೆ. ಹಾಗೆಂದು ಮೂಲ ವೇತನವನ್ನು ಸಣ್ಣದು ಮಾಡಿ ಉಳಿದದ್ದನ್ನು ‘ವಿಶೇಷ ಭತ್ಯೆ’ ಎಂದು ಬರೆದರೆ ನಡೆಯುವುದಿಲ್ಲ. ಎಲ್ಲರಿಗೂ ಒಂದೇ ರೀತಿ ಕೊಡುವ ಅಂಥ ಭತ್ಯೆಯೂ ಪಿಎಫ್ ಲೆಕ್ಕಕ್ಕೆ ಬರುತ್ತದೆ ಎಂದು ಸುಪ್ರೀಂ ಕೋರ್ಟು 2019ರ ಫೆಬ್ರುವರಿಯಲ್ಲಿ ಹೇಳಿತು.

ಈಗ ಒಬ್ಬ ನೌಕರನ ಲೆಕ್ಕ. ಪಿಎಫ್‌ಗೆ ಅವನ ಪಾಲು 13,000ದ ಶೇ 12, ಅಂದರೆ 1,560. ಮಾಲೀಕನದೂ 1,560, ಅದರಲ್ಲಿ ಶೇ 8.33ರ ಲೆಕ್ಕದ 1,083 ಪಿಂಚಣಿಗೆ, ಉಳಿದ 477 ನೌಕರನ ಪಿಎಫ್ ಖಾತೆಗೆ. ಇದರ ಮೇಲೆ ಮಾಲೀಕನೇ ಭರಿಸುವ ಎರಡು ಅರ್ಧ ಶೇಕಡ: ಠೇವಣಿ ಆಧಾರಿತ ವಿಮೆಗೆ 65, ಆಡಳಿತ ವೆಚ್ಚಕ್ಕೆ 65. ಇಎಸ್‌ಐಗೆ 17,200ರ ಮೇಲೆ ನೌಕರನದು ಶೇ 0.75, ಅಂದರೆ 129. ಮಾಲೀಕನದು ಶೇ 3.25, ಅಂದರೆ 559. ಇಎಸ್‌ಐಯಲ್ಲಿ ಪೈಸೆ ಬಂದರೆ ಯಾವಾಗಲೂ ಮೇಲಿನ ರೂಪಾಯಿಗೆ ಏರಿಸಬೇಕು. 128 ರೂಪಾಯಿ 10 ಪೈಸೆ ಬಂದರೂ 129.

22 ಜನರಿಗೆ ಕೂಡಿದರೆ ಪಿಎಫ್ 71,500, ಇಎಸ್‌ಐ 15,136. ಒಟ್ಟು 86,636 ರೂಪಾಯಿ. ಇದರಲ್ಲಿ 49,478 ಮಾಲೀಕನ ಹಣ. 37,158 ನೌಕರರದು.

ಕಟ್ಟುವ ವಿಧಾನವೂ ಬದಲಾಗಿದೆ. ಒಂದು ಕಾಲಕ್ಕೆ ಹಲವು ಪ್ರತಿಯ ಚಲನು ತುಂಬಿ ಬ್ಯಾಂಕಿನ ಕಿಟಕಿಯ ಮುಂದೆ ನಿಲ್ಲಬೇಕಿತ್ತು. 2012ರಲ್ಲಿ ಪಿಎಫ್‌ನಲ್ಲಿ ಚಲನೂ ವಿವರಪಟ್ಟಿಯೂ ಒಂದೇ ಕಡತವಾಗಿ ಅಂತರ್ಜಾಲದಲ್ಲಿ ಹೋಗತೊಡಗಿದವು. ಒಬ್ಬೊಬ್ಬ ನೌಕರನಿಗೆ ಒಂದೊಂದು ಸಾಲು. ನಮ್ಮ ನೌಕರನ ಸಾಲು ಹೀಗಿರುತ್ತದೆ:

```
UAN#~#NAME#~#17200#~#13000#~#13000#~#13000#~#1560#~#1083#~#477#~#0#~#0
```

ಮೊದಲಿಗೆ ಅವನ ಖಾತೆ ಸಂಖ್ಯೆ ಮತ್ತು ಹೆಸರು. ಆಮೇಲೆ ಒಟ್ಟು ಪಗಾರ, ಪಿಎಫ್, ಪಿಂಚಣಿ, ವಿಮೆಗಳ ಪಗಾರ. ನಂತರ ನಾವು ಈಗ ಲೆಕ್ಕ ಹಾಕಿದ ಮೂರು ಅಂಕಿಗಳು. ಕೊನೆಯ ಎರಡು ಸೊನ್ನೆಗಳು ಪಗಾರವಿಲ್ಲದ ಗೈರುಹಾಜರಿಯ ದಿನಗಳಿಗೂ ಮುಂಗಡ ಮರುಪಾವತಿಗೂ ಮೀಸಲು.

ಕಡತ ಒಪ್ಪಿಗೆಯಾದಾಗ ಒಂದು ಸಂಖ್ಯೆ ಬರುತ್ತದೆ. ಅದು ಬಂದರೆ ಕೆಲಸ ಮುಗಿಯಿತೆಂದು ತಿಳಿಯುವವರಿದ್ದಾರೆ. ಅದು ಚಲನಿನ ಗುರುತು ಮಾತ್ರ, ಹಣ ಬ್ಯಾಂಕಿನಿಂದ ಹೋದಾಗಷ್ಟೇ ಕಟ್ಟಿದಂತೆ. ಇನ್ನೊಂದು ತೊಡಕು ಹೊಸಬರದು. 2021ರ ಸೆಪ್ಟೆಂಬರ್‌ನಿಂದ ಆಧಾರ್ ಜೋಡಣೆಯಾಗದ ಖಾತೆಯ ಸಾಲನ್ನು ಈ ವ್ಯವಸ್ಥೆ ಒಪ್ಪುವುದಿಲ್ಲ. ಊರಿನ ಆಧಾರಿನಲ್ಲಿ ಒಂದು ಕಾಗುಣಿತ, ರಾಂಜಣಗಾಂವದ ದಾಖಲೆಯಲ್ಲಿ ಇನ್ನೊಂದು ಇದ್ದರೆ ಸಾಲು ಅಲ್ಲೇ ನಿಲ್ಲುತ್ತದೆ. ಒಬ್ಬನ ಹೆಸರು ಸರಿಹೋಗಲಿ ಎಂದು 22 ಜನರ ಹಣವನ್ನೂ ತಡೆಹಿಡಿಯುವುದು ದುಬಾರಿ ತಪ್ಪು. ಉಳಿದ 21 ಜನರದನ್ನು ಕಟ್ಟಿ, ಅವನದನ್ನು ಪೂರಕ ಕಡತದಲ್ಲಿ ಕಳಿಸಬೇಕು.

2024ರ ಸೆಪ್ಟೆಂಬರ್ 15 ಭಾನುವಾರ, ಅದೂ ಗಣೇಶೋತ್ಸವದ ನಡುವೆ. ರಾಂಜಣಗಾಂವದಲ್ಲಿ ಆ ದಿನಗಳ ಜನಜಂಗುಳಿ ಹೇಳಬೇಕಿಲ್ಲ. ಲೆಕ್ಕ ಗೊತ್ತಿದ್ದವನು 13ನೇ ತಾರೀಖು ಶುಕ್ರವಾರವೇ ಕಟ್ಟಿ ಮುಗಿಸುತ್ತಾನೆ. ನಮ್ಮ ಮಾಲೀಕ ಪಿಎಫ್ ಹಣವನ್ನು 30ಕ್ಕೆ, ಹದಿನೈದು ದಿನ ತಡವಾಗಿ ಕಟ್ಟಿದನೆನ್ನಿ. ಏನಾಗುತ್ತದೆ?

2016ಕ್ಕೆ ಮೊದಲಾಗಿದ್ದರೆ ಐದು ದಿನದ ರಿಯಾಯಿತಿ ಇರುತ್ತಿತ್ತು, 20ರವರೆಗೆ ಕಟ್ಟಬಹುದಿತ್ತು. ಆ ವರ್ಷದ ಫೆಬ್ರುವರಿಯಿಂದ ಅದು ಹೋಯಿತು. ಈಗ 71,500ಕ್ಕೆ ವರ್ಷಕ್ಕೆ ಶೇ 12ರಂತೆ ಹದಿನೈದು ದಿನದ ಬಡ್ಡಿ ಸುಮಾರು 353 ರೂಪಾಯಿ. ಮೇಲೆ ದಂಡ. ಮೊದಲು ಅದು ತಡವಾದಷ್ಟೂ ವರ್ಷಕ್ಕೆ ಶೇ 5ರಿಂದ 25ರವರೆಗೆ ಏರುತ್ತಿತ್ತು. 2024ರ ಜೂನ್‌ನಲ್ಲಿ ತಿಂಗಳಿಗೆ ಶೇ 1 ಎಂದಾಯಿತು. ಹೆಚ್ಚೆಂದರೆ 715. ಎರಡೂ ಸೇರಿ 1,068. ಕೈಸಾಲದ ಬಡ್ಡಿಗಿಂತ ಅಗ್ಗ ಎಂದು ಮಾಲೀಕ ನಗಬಹುದು.

ನಿಜವಾದ ಪೆಟ್ಟು ಆದಾಯ ತೆರಿಗೆಯಲ್ಲಿ ಕಾದಿರುತ್ತಿತ್ತು. 1987ರ ಹಣಕಾಸು ಕಾಯ್ದೆ ಒಂದು ನಿಯಮ ತಂದಿತು. ನೌಕರನಿಂದ ಮುರಿದುಕೊಂಡ ವಂತಿಗೆಯನ್ನು ಮೊದಲು ಮಾಲೀಕನ ಆದಾಯವೆಂದೇ ಹಿಡಿಯುವುದು, ನಿಗದಿತ ತಾರೀಖಿನೊಳಗೆ ಕಟ್ಟಿದ್ದರೆ ಮಾತ್ರ ಅದನ್ನು ಖರ್ಚೆಂದು ಕಳೆಯಲು ಬಿಡುವುದು. ಮಾಲೀಕನ ಸ್ವಂತ ಪಾಲಿಗೆ ನಿಯಮ ಬೇರೆಯಿತ್ತು, ಸಡಿಲವಿತ್ತು. ತೆರಿಗೆ ವಿವರ ಸಲ್ಲಿಸುವ ಕೊನೆಯ ದಿನದೊಳಗೆ ಕಟ್ಟಿದ್ದರೂ ಸಾಕಿತ್ತು. ಈ ಸಡಿಲಿಕೆ ನೌಕರನ ಪಾಲಿಗೂ ಸಿಗುತ್ತದೆಯೇ ಎಂಬ ಜಗಳ ದಶಕಗಳ ಕಾಲ ನಡೆಯಿತು. ಸಿಗುತ್ತದೆ ಎಂದು 2014ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ಎಸ್ಸೆ ಟೆರಾವೋಕಾ ಪ್ರಕರಣದಲ್ಲಿ ಹೇಳಿತು. ಘಾಟ್ಗೆ ಪಾಟೀಲ್ ಟ್ರಾನ್ಸ್‌ಪೋರ್ಟ್ಸ್ ಪ್ರಕರಣದಲ್ಲಿ ಬಾಂಬೆ ಹೈಕೋರ್ಟಿನ ಮಾತೂ ಅದೇ. ಗುಜರಾತ್ ಹೈಕೋರ್ಟು ಒಪ್ಪಲಿಲ್ಲ. ಹೀಗಾಗಿ ಬೆಂಗಳೂರು, ಪುಣೆಗಳಲ್ಲಿ ತಡವಾಗಿ ಕಟ್ಟುವುದು ಸಣ್ಣ ತಪ್ಪಾಗಿತ್ತು, ಅಹಮದಾಬಾದಿನಲ್ಲಿ ದೊಡ್ಡದು.

2022ರ ಅಕ್ಟೋಬರ್ 12ರಂದು ಸುಪ್ರೀಂ ಕೋರ್ಟು ಚೆಕ್‌ಮೇಟ್ ಸರ್ವಿಸಸ್ ಪ್ರಕರಣದಲ್ಲಿ ಆ ಜಗಳ ಮುಗಿಸಿತು. ಗುಜರಾತಿನ ಅರ್ಥವೇ ಗೆದ್ದಿತು. ಮಾಲೀಕನ ಪಾಲು ಅವನ ಸ್ವಂತ ಹಣ. ನೌಕರನ ಪಾಲು ಇನ್ನೊಬ್ಬರ ಹಣ, ಅವನು ಅದನ್ನು ಕಾಪಾಡಿಕೊಂಡು ತಲುಪಿಸಬೇಕಾದವನು ಮಾತ್ರ. ಆದ್ದರಿಂದ ಎರಡಕ್ಕೂ ಒಂದೇ ಸಡಿಲಿಕೆ ಇಲ್ಲ ಎಂದಿತು.

ನಮ್ಮ ಘಟಕಕ್ಕೆ ಇದರ ಅರ್ಥವೇನು? ತಡವಾದ 71,500ರಲ್ಲಿ ನೌಕರರ ಪಾಲು 34,320. 2024ರ ನಿಯಮದಂತೆ ಅದು ಆ ವರ್ಷದ ಆದಾಯಕ್ಕೆ ಸೇರುತ್ತಿತ್ತು, ಮುಂದಿನ ಯಾವ ವರ್ಷವೂ ಕಳೆಯಲು ಬರುತ್ತಿರಲಿಲ್ಲ. ಲಾಭದಲ್ಲಿರುವ ಪಾಲುದಾರಿಕೆ ಸಂಸ್ಥೆಯಾದರೆ ಶೇ 30 ತೆರಿಗೆ, ಅದರ ಮೇಲೆ ಶೇ 4 ಸೆಸ್. ಒಟ್ಟು 10,708 ರೂಪಾಯಿ. ಬಡ್ಡಿ ಮತ್ತು ದಂಡದ ಹತ್ತು ಪಟ್ಟು. ಹದಿನೈದು ದಿನ ತಡವಾದರೂ ಅಷ್ಟೇ, ಒಂದೇ ದಿನ ತಡವಾದರೂ ಅಷ್ಟೇ. ಇದು ಗೊತ್ತಾಗುತ್ತಿದ್ದದ್ದು ಮಾತ್ರ ಮರುವರ್ಷ, ಲೆಕ್ಕಪರಿಶೋಧಕರು ಪ್ರತಿ ಚಲನಿನ ತಾರೀಖನ್ನು ವರದಿಯಲ್ಲಿ ಬರೆಯುವಾಗ.

ಹಾಗಾಗಿ ಕೈಯಲ್ಲಿ ಪೂರಾ ಹಣವಿಲ್ಲದ ತಿಂಗಳಲ್ಲೂ ಅನುಭವಸ್ಥ ಮಾಲೀಕರು ಮಾಡುವುದು ಒಂದೇ. 7ನೇ ತಾರೀಖು ಪಗಾರ ಹಾಕಿದ ದಿನವೇ ನೌಕರರಿಂದ ಮುರಿದ 37,158ನ್ನು ಬೇರೊಂದು ಖಾತೆಗೆ ತೆಗೆದಿಡುತ್ತಾರೆ. ಕೈಸಾಲ ಮಾಡುವುದಾದರೆ ತಮ್ಮ 49,478ಕ್ಕೆ ಮಾಡುತ್ತಾರೆ. ಗುತ್ತಿಗೆದಾರನಾದರೆ ಇನ್ನೂ ಒಂದು ಕಾರಣವಿದೆ: ಅವನು ಕಟ್ಟದ ವಂತಿಗೆಗೆ ಮೂಲ ಕಂಪನಿಯೇ ಹೊಣೆಯಾಗುವುದರಿಂದ, ಹಿಂದಿನ ತಿಂಗಳ ಚಲನು ಕಾಣದೆ ಬಿಲ್ಲು ಪಾಸಾಗುವುದಿಲ್ಲ.

ಸ್ಟಾಂಪು ಅಂಟಿಸಿದ ಕಾರ್ಡಿನ ಕಾಲದಲ್ಲಿ ಕಾರ್ಮಿಕ ತನ್ನ ಹಣ ಕಟ್ಟಿದೆಯೇ ಎಂದು ಕಾರ್ಡು ನೋಡಿ ತಿಳಿಯಬಹುದಿತ್ತು. ಇಂದು ಅವನು ಮೊಬೈಲಿನಲ್ಲಿ ಪಿಎಫ್ ಪಾಸ್‌ಬುಕ್ ತೆರೆದು ನೋಡುತ್ತಾನೆ. ಪಗಾರದ ಚೀಟಿಯಲ್ಲಿ 1,560 ಕಡಿತ ಕಂಡು, ಪಾಸ್‌ಬುಕ್ಕಿನಲ್ಲಿ ಆ ತಿಂಗಳೇ ಕಾಣದಿದ್ದರೆ, ಆಳಂದದಿಂದ ಬಂದ ಹುಡುಗನಿಗೂ ಕೇಳಬೇಕಾದ ಪ್ರಶ್ನೆ ಗೊತ್ತಿರುತ್ತದೆ.