ಮುಂಬಡ್ತಿ ನಮ್ಮ ಹಕ್ಕೋ, ಅವರ ಕೃಪೆಯೋ?



ಮೊನ್ನೆ ನಮ್ಮ ಬಾಗಲವಾಡದ ಹುಡುಗನೊಬ್ಬ ಫೋನ್ ಮಾಡಿದ್ದ. ಸರ್ಕಾರಿ ಇಲಾಖೆಯೊಂದರಲ್ಲಿ ಇಂಜಿನಿಯರ್. "ಅಣ್ಣಾ, ತಾತ್ಕಾಲಿಕ ಜ್ಯೇಷ್ಠತಾ ಪಟ್ಟಿ ಬಂದೈತಿ. ನನ್ನ ಹೆಸರು ಕೆಳಗ ಹೋಗ್ಯಾದ. ಪ್ರಮೋಷನ್ ನನ್ನ ಹಕ್ಕಲ್ಲೇನು?" ಅಂದ. ಫೋನಿನಲ್ಲಿ ಪೂರ್ತಿ ಹೇಳಲಾಗಲಿಲ್ಲ. ಈ ಪ್ರಶ್ನೆಗೆ ನಮ್ಮ ರಾಜ್ಯದಲ್ಲೇ ನಲವತ್ತು ವರ್ಷದ ಇತಿಹಾಸವಿದೆ. ಅದನ್ನೇ ಇಲ್ಲಿ ಬರೀತಿದ್ದೀನಿ.

1978ರ ಏಪ್ರಿಲ್ 27ರಂದು ಕರ್ನಾಟಕ ಸರ್ಕಾರ ಮುಂಬಡ್ತಿಯಲ್ಲಿ ಪರಿಶಿಷ್ಟ ಜಾತಿಗೆ ಶೇ. 15, ಪರಿಶಿಷ್ಟ ಪಂಗಡಕ್ಕೆ ಶೇ. 3 ಮೀಸಲಾತಿ ಕೊಟ್ಟು ಆದೇಶ ಹೊರಡಿಸಿತು. ಆದರೆ ಒಂದು ಗೆರೆ ಎಳೆದಿತ್ತು. ಈ ಮೀಸಲಾತಿ ಎ ದರ್ಜೆಯ ಅತಿ ಕೆಳಗಿನ ಹುದ್ದೆವರೆಗೆ ಮಾತ್ರ. ಅದರ ಮೇಲೆ ಮೀಸಲಾತಿ ಇಲ್ಲ, ಜ್ಯೇಷ್ಠತೆಯೇ ದಾರಿ. ಇಡೀ ಜಗಳದ ಬೇರು ಇಲ್ಲಿದೆ, ನೆನಪಿಡಿ.

ಒಂದು ಲೆಕ್ಕ ಹೇಳ್ತೀನಿ. ಸಹಾಯಕ ಇಂಜಿನಿಯರ್ ಪಟ್ಟಿಯಲ್ಲಿ ಸಾಮಾನ್ಯ ವರ್ಗದವನೊಬ್ಬ 10ನೇ ಸ್ಥಾನದಲ್ಲಿ, ನಮ್ಮವನು 25ನೇ ಸ್ಥಾನದಲ್ಲಿ ಇದ್ದಾನೆ ಅನ್ನಿ. ರೋಸ್ಟರ್ ಬಿಂದುವಿನಲ್ಲಿ ನಮ್ಮವನು ಮೊದಲು ಸಹಾಯಕ ಕಾರ್ಯಪಾಲಕ ಇಂಜಿನಿಯರ್ ಆಗ್ತಾನೆ. ನಾಲ್ಕು ವರ್ಷ ಬಿಟ್ಟು ಆ ಇನ್ನೊಬ್ಬನೂ ಅದೇ ಹುದ್ದೆಗೆ ಬರ್ತಾನೆ. ಈಗ ಇಬ್ಬರಲ್ಲಿ ಹಿರಿಯ ಯಾರು? ನಾಲ್ಕು ವರ್ಷ ಆ ಕುರ್ಚಿಯಲ್ಲಿ ದುಡಿದವನು ಅಂತ ನಾವಂತೀವಿ. ಇದಕ್ಕೆ ತತ್ಪರಿಣಾಮ ಜ್ಯೇಷ್ಠತೆ ಅಂತಾರೆ. ಅಲ್ಲ, ಕೆಳಗಿನ ಹುದ್ದೆಯ ಹಳೇ ಕ್ರಮಾಂಕವೇ ಮರಳಿ ಬರಬೇಕು ಅನ್ನೋದು 'ಕ್ಯಾಚ್ ಅಪ್' ನಿಯಮ. ಮುಂದಿನ ಕಾರ್ಯಪಾಲಕ ಇಂಜಿನಿಯರ್ ಹುದ್ದೆಗೆ ಮೀಸಲಾತಿ ಇಲ್ಲವಲ್ಲ. ಹಾಗಾಗಿ ಕ್ಯಾಚ್ ಅಪ್ ಬಂದರೆ ನಮ್ಮವನು ಅಲ್ಲೇ ಉಳೀತಾನೆ. ಕೊಟ್ಟ ಬಡ್ತಿ ಕಸಿಯೋದೇ ಬೇಕಿಲ್ಲ, ಪಟ್ಟಿ ತಿದ್ದಿದರೆ ಸಾಕು.

ಸುಪ್ರೀಂ ಕೋರ್ಟ್ 1995ರ ವೀರ್‌ಪಾಲ್ ಸಿಂಗ್, 1999ರ ಅಜಿತ್ ಸಿಂಗ್ ತೀರ್ಪುಗಳಲ್ಲಿ ಕ್ಯಾಚ್ ಅಪ್ ಪರ ನಿಂತಿತು. 2000ದ ಡಿಸೆಂಬರಿನಲ್ಲಿ ಬಡಪ್ಪನವರ ಪ್ರಕರಣದಲ್ಲಿ ಅದನ್ನು ನಮ್ಮ ರಾಜ್ಯದ ಇಂಜಿನಿಯರುಗಳಿಗೂ ಅನ್ವಯಿಸಿತು. ಸಂಸತ್ತು 85ನೇ ತಿದ್ದುಪಡಿ ತಂದು 16(4ಎ) ವಿಧಿಯಲ್ಲಿ ತತ್ಪರಿಣಾಮ ಜ್ಯೇಷ್ಠತೆಯನ್ನು ಸೇರಿಸಿತು. ಅದರ ಬಲದಿಂದ ಕರ್ನಾಟಕ 2002ರಲ್ಲಿ ಕಾಯ್ದೆ ಮಾಡಿತು.

ಆದರೆ 2006ರ ನಾಗರಾಜ್ ತೀರ್ಪು, ಪ್ರಾತಿನಿಧ್ಯ ಕಡಿಮೆ ಇದೆ ಅಂತ ಸರ್ಕಾರ ಅಂಕಿಅಂಶದಿಂದ ತೋರಿಸಬೇಕು ಅಂದಿತು. ನಮ್ಮ ಸರ್ಕಾರ ಆ ಕೆಲಸ ಮಾಡಿರಲಿಲ್ಲ. 2017ರ ಫೆಬ್ರವರಿ 9ರಂದು ಬಿ.ಕೆ. ಪವಿತ್ರ ಪ್ರಕರಣದಲ್ಲಿ 2002ರ ಕಾಯ್ದೆಯ ಮುಖ್ಯ ಕಲಮುಗಳು ಬಿದ್ದುಹೋದವು. ಮೂರು ತಿಂಗಳಲ್ಲಿ ಪಟ್ಟಿ ತಿದ್ದಿ ಅಂತ ಆದೇಶ. ಆಮೇಲೆ ಎಷ್ಟೋ ಮಂದಿ ಹಿಂಬಡ್ತಿ ಉಂಡರು. ತಪ್ಪು ನೌಕರರದ್ದಲ್ಲ, ಲೆಕ್ಕ ತೆಗೆಯದ ಸರ್ಕಾರದ್ದು. ಶಿಕ್ಷೆ ಮಾತ್ರ ನೌಕರರಿಗೆ.

ನಂತರ ರತ್ನಪ್ರಭಾ ಸಮಿತಿ ಇಲಾಖಾವಾರು ಅಂಕಿಅಂಶ ತೆಗೆಯಿತು. ಅದನ್ನಿಟ್ಟುಕೊಂಡು ಹೊಸ ಮಸೂದೆ ಬಂತು. ರಾಜ್ಯಪಾಲರು ಅದನ್ನು ರಾಷ್ಟ್ರಪತಿಗೆ ಕಳಿಸಿದರು, 2018ರ ಜೂನಿನಲ್ಲಿ ಅಂಕಿತ ಸಿಕ್ಕಿತು. 1978ರಿಂದ ಕೊಟ್ಟಿದ್ದ ಜ್ಯೇಷ್ಠತೆಗೂ ಅದರಲ್ಲಿ ರಕ್ಷಣೆ ಇತ್ತು. 2019ರ ಮೇ 10ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ತೀರ್ಪಿನಲ್ಲಿ ನ್ಯಾ. ಚಂದ್ರಚೂಡ್, ದಕ್ಷತೆ ಅಂದರೆ ಪರೀಕ್ಷೆಯ ಅಂಕ ಮಾತ್ರ ಅಲ್ಲ, ಎಲ್ಲರನ್ನೂ ಒಳಗೊಂಡ ಆಡಳಿತವೂ ದಕ್ಷತೆಯೇ ಎಂಬ ಅರ್ಥದಲ್ಲಿ ಬರೆದರು.

ಈಗ ತಮ್ಮನ ಪ್ರಶ್ನೆಗೆ ಬರೋಣ. ಮುಂಬಡ್ತಿಯೇ ಹಕ್ಕು ಅಂತ ಯಾವ ಕೋರ್ಟೂ ಒಪ್ಪಿಲ್ಲ. ಅರ್ಹತೆ ಇದ್ದು ಸರದಿ ಬಂದಾಗ ಪರಿಗಣಿಸಲ್ಪಡುವುದು 16(1)ರ ಕೆಳಗೆ ಮೂಲಭೂತ ಹಕ್ಕು ಅಂತ ಅಜಿತ್ ಸಿಂಗ್ ತೀರ್ಪೇ ಹೇಳಿದೆ. ಮುಂಬಡ್ತಿಯಲ್ಲಿ ಮೀಸಲಾತಿ ಕೇಳುವುದು ಮೂಲಭೂತ ಹಕ್ಕಲ್ಲ, ಅದು ಸರ್ಕಾರಕ್ಕಿರುವ ಅಧಿಕಾರ ಅಂತ 2020ರ ಮುಕೇಶ್ ಕುಮಾರ್ ತೀರ್ಪು ಮತ್ತೆ ಹೇಳಿತು. ಕಾನೂನು ಇರುವುದು ಇಷ್ಟು.

ಆದರೆ "ಪರಿಗಣಿಸುವ ಹಕ್ಕು ಮಾತ್ರ" ಅಂದಾಗ ನಾವು ಕೇಳಬೇಕಾದ್ದು, ಯಾವ ಪಟ್ಟಿ ಹಿಡಿದು ಪರಿಗಣಿಸ್ತೀರಿ? 25ನೇಯವನನ್ನು ಹಳೇ ಜಾಗಕ್ಕೆ ತಳ್ಳಿದ ಮೇಲೆ ಇಲಾಖಾ ಮುಂಬಡ್ತಿ ಸಮಿತಿಯ ಮುಂದೆ ಅವನ ಹೆಸರೇ ಹೋಗೋದಿಲ್ಲ. ಹಕ್ಕು ಕಾಗದದ ಮೇಲೆ ಭದ್ರ, ಮನುಷ್ಯ ಹೊರಗೆ.

ಅದಕ್ಕೇ ತಮ್ಮಾ, "ನನಗೆ ಬಡ್ತಿ ಕೊಡಿ" ಅಂತ ಬರೀಬ್ಯಾಡ. ತಾತ್ಕಾಲಿಕ ಪಟ್ಟಿಗೆ ಕೊಟ್ಟ ಅವಧಿಯೊಳಗೇ ಲಿಖಿತ ಆಕ್ಷೇಪಣೆ ಹಾಕು. ಈ ಹುದ್ದೆಗೆ ಬಂದ ತಾರೀಖು, ಯಾವ ರೋಸ್ಟರ್ ಬಿಂದು, ನಿನಗಿಂತ ಮೇಲೆ ಹಾಕಿದವರು ಈ ಹುದ್ದೆಗೆ ಬಂದ ತಾರೀಖು, ಮೂರನ್ನೂ ಬರಿ. ಸ್ವೀಕೃತಿ ಇಸ್ಕೋ. ಪಟ್ಟಿ ಅಂತಿಮವಾಗಿ ವರ್ಷ ಕಳೆದ ಮೇಲೆ ಹೋದರೆ, ನ್ಯಾಯಮಂಡಳಿ ಮೊದಲು ಕೇಳೋದು "ಇಷ್ಟು ದಿನ ಎಲ್ಲಿದ್ದಿ?" ಅಂತ.

ನಮ್ಮವರು ಪಟ್ಟಿಯಲ್ಲಿ ತಮ್ಮ ಹೆಸರು ಹುಡುಕಿ ಸುಮ್ಮನಾಗ್ತಾರೆ. ಹೆಸರಿನ ಮುಂದಿನ ಕ್ರಮಾಂಕ, ತಾರೀಖು ಓದೋದನ್ನೂ ಕಲೀಬೇಕು.

ಜೈಭೀಮ್.