ಸಂದರ್ಶನಕ್ಕೆ ಸಮಂಜಸ ಹೊಂದಾಣಿಕೆ ಕೋರುವ ವಿಧಾನ

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರಲ್ಲಿ ‘ಸಮಂಜಸ ಹೊಂದಾಣಿಕೆ’ ಎಂಬುದನ್ನು ವ್ಯಾಖ್ಯಾನಿಸಲಾಗಿದೆ. ವಿಕಲಚೇತನ ವ್ಯಕ್ತಿಯು ಇತರರಂತೆ ಸಮಾನವಾಗಿ ಭಾಗವಹಿಸಲು ಅಗತ್ಯವಾದ, ಆದರೆ ಸಂಸ್ಥೆಗೆ ಅತಿಯಾದ ಹೊರೆಯಾಗದ ಬದಲಾವಣೆ ಎಂಬುದು ಇದರ ಅರ್ಥ. ಸಂದರ್ಶನಕ್ಕೆ ಇಂತಹ ಬದಲಾವಣೆ ಬೇಕಾದಲ್ಲಿ ಅಭ್ಯರ್ಥಿಯು ಅದನ್ನು ಸಂಕ್ಷಿಪ್ತವಾಗಿ ತಿಳಿಸಿದರೆ ಸಾಕು. ಆರೋಗ್ಯದ ಪೂರ್ಣ ವಿವರ ನೀಡಬೇಕಾಗಿಲ್ಲ.

ಯಾವಾಗ, ಹೇಗೆ ತಿಳಿಸಬೇಕು

ಸಂದರ್ಶನದ ಕರೆ ಬಂದ ಕೂಡಲೇ, ಅದೇ ಇ-ಮೇಲ್‌ಗೆ ಉತ್ತರವಾಗಿ ಬರೆಯುವುದು ಸೂಕ್ತ. ಬಾಯಿಮಾತಿನಲ್ಲಿ ತಿಳಿಸಿದ್ದಲ್ಲಿ ಅದನ್ನು ಬರವಣಿಗೆಯಲ್ಲಿಯೂ ಖಚಿತಪಡಿಸತಕ್ಕದ್ದು. ಪತ್ರದಲ್ಲಿ ಮೂರು ಅಂಶಗಳಿರಬೇಕು: ಹುದ್ದೆ ಮತ್ತು ದಿನಾಂಕ, ಎದುರಾಗುವ ಅಡಚಣೆ, ಬೇಕಾದ ಏರ್ಪಾಡು.

ಉದಾಹರಣೆ

ಶ್ರವಣದೋಷವುಳ್ಳ ಅಭ್ಯರ್ಥಿಯೊಬ್ಬರಿಗೆ ಲೆಕ್ಕ ಸಹಾಯಕ ಹುದ್ದೆಗಾಗಿ ದೂರವಾಣಿ ಸಂದರ್ಶನ ನಿಗದಿಯಾಗಿದೆ ಎಂದಿಟ್ಟುಕೊಳ್ಳೋಣ. ಅವರು ಹೀಗೆ ಬರೆಯಬಹುದು:

“ಮಾನ್ಯರೇ, ಲೆಕ್ಕ ಸಹಾಯಕ ಹುದ್ದೆಗೆ 14ನೇ ತಾರೀಖು ಬೆಳಿಗ್ಗೆ 11 ಗಂಟೆಗೆ ನಿಗದಿಯಾಗಿರುವ ಸಂದರ್ಶನಕ್ಕೆ ನಾನು ಹಾಜರಾಗುತ್ತೇನೆ. ನನಗೆ ದೂರವಾಣಿಯಲ್ಲಿ ಮಾತು ಸ್ಪಷ್ಟವಾಗಿ ಕೇಳಿಸುವುದಿಲ್ಲ. ಆದ್ದರಿಂದ ಅದೇ ಸಮಯಕ್ಕೆ ವಿಡಿಯೋ ಕರೆಯ ಮೂಲಕ ಸಂದರ್ಶನ ನಡೆಸಲು, ಮಾತನಾಡುವವರ ಮುಖ ಕಾಣುವಂತೆ ಒಬ್ಬೊಬ್ಬರಾಗಿ ಪ್ರಶ್ನಿಸಲು ಮತ್ತು ಕೇಳಿಸದ ಪ್ರಶ್ನೆಯನ್ನು ಪರದೆಯ ಮೇಲೆ ಬರೆದು ತೋರಿಸಲು ಕೋರುತ್ತೇನೆ. ಇದು ಸಾಧ್ಯವೇ ಎಂದು ದಯವಿಟ್ಟು ತಿಳಿಸಿ.”

ಶ್ರವಣ ಕುಂದಿದ ಕಾರಣ, ಶಸ್ತ್ರಚಿಕಿತ್ಸೆ, ಔಷಧಿ ಅಥವಾ ವೈದ್ಯರ ಹೆಸರು ಇದರಲ್ಲಿಲ್ಲ. ಏರ್ಪಾಡು ಮಾಡುವವರಿಗೆ ಇವುಗಳ ಅಗತ್ಯವಿರುವುದಿಲ್ಲ. ಅಲ್ಲದೆ, ಈ ಪತ್ರವು ಸಂದರ್ಶನ ಮಂಡಳಿಯ ಇತರ ಸದಸ್ಯರಿಗೂ ರವಾನೆಯಾಗಬಹುದು ಎಂಬುದನ್ನು ಗಮನದಲ್ಲಿಡಬೇಕು. ಇದಕ್ಕೆ ವಿರುದ್ಧವಾಗಿ, “ಆರೋಗ್ಯ ಸಮಸ್ಯೆಯಿದೆ, ಸಹಕರಿಸಿ” ಎಂದಷ್ಟೇ ಬರೆದಲ್ಲಿ ಏನು ಮಾಡಬೇಕೆಂದು ತಿಳಿಯದೆ ಅವರು ಮರುಪ್ರಶ್ನೆ ಕೇಳಬೇಕಾಗುತ್ತದೆ. ಆಗಲೇ ಅನಗತ್ಯ ವಿವರಗಳು ಹೊರಬರುವುದು.

ಹೆಚ್ಚಿನ ವಿವರ ಕೇಳಿದಲ್ಲಿ

“ಸಂದರ್ಶನಕ್ಕೆ ಇಷ್ಟು ಏರ್ಪಾಡು ಸಾಕು, ಹುದ್ದೆಯ ಕೆಲಸದ ಕುರಿತ ಪ್ರಶ್ನೆಗಳಿಗೆ ಉತ್ತರಿಸಲು ಸಿದ್ಧನಿದ್ದೇನೆ/ಸಿದ್ಧಳಿದ್ದೇನೆ” ಎಂದು ವಿನಯದಿಂದ ತಿಳಿಸಬಹುದು. ಆದರೆ ಮೀಸಲಾತಿ ಕೋರುವವರು ಅಧಿಸೂಚನೆಯಲ್ಲಿ ತಿಳಿಸಿದಂತೆ ಅಂಗವಿಕಲತೆಯ ಪ್ರಮಾಣಪತ್ರವನ್ನು ಸಲ್ಲಿಸಲೇಬೇಕು. ಲಿಖಿತ ಪರೀಕ್ಷೆಗೆ ಬರಹಗಾರರ ನೆರವು ಅಥವಾ ಹೆಚ್ಚುವರಿ ಸಮಯವನ್ನು ಸಹ ಆಯಾ ಅಧಿಸೂಚನೆಯ ಪ್ರಕಾರವೇ ಕೋರತಕ್ಕದ್ದು.

ಉತ್ತರ ಬಾರದಿದ್ದಲ್ಲಿ

ಎರಡು ಕೆಲಸದ ದಿನಗಳ ನಂತರ ಅದೇ ಪತ್ರದ ಮುಂದುವರಿಕೆಯಾಗಿ ಮತ್ತೊಮ್ಮೆ ಬರೆಯಬಹುದು. ಅಧಿನಿಯಮದ 21ನೇ ಪ್ರಕರಣದಂತೆ ಸಂಸ್ಥೆಗಳು ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. 20 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳ ನೀತಿಯಲ್ಲಿ ವಿಕಲಚೇತನರ ನೇಮಕಾತಿಗಾಗಿ ಸಂಪರ್ಕಾಧಿಕಾರಿಯ ನೇಮಕದ ವಿಷಯವೂ ಇರಬೇಕು. ಅಂತಹ ಅಧಿಕಾರಿ ಇದ್ದಲ್ಲಿ ಕೋರಿಕೆಯ ಪ್ರತಿಯನ್ನು ಅವರಿಗೂ ಕಳುಹಿಸಬಹುದು.