ಧ್ರುವಪ್ರಭೆ ವೀಕ್ಷಣೆ: ಬೆಂಗಳೂರಿನಿಂದ ಹೊರಡುವವರ ಲೆಕ್ಕಾಚಾರ

ಸೂರ್ಯನಿಂದ ಬೀಸುವ ಸೌರಮಾರುತವು ಭೂಮಿಯ ಕಾಂತಕ್ಷೇತ್ರವನ್ನು ಕಲಕಿದಾಗ ಅಲ್ಲಿನ ಎಲೆಕ್ಟ್ರಾನುಗಳು ಕಾಂತರೇಖೆಗಳ ಗುಂಟ ಇಳಿದು ಮೇಲಿನ ವಾತಾವರಣದ ಅನಿಲಗಳಿಗೆ ಅಪ್ಪಳಿಸುತ್ತವೆ. ಆಗ ಹೊಮ್ಮುವ ಬೆಳಕೇ ಧ್ರುವಪ್ರಭೆ ಅಥವಾ ಅರೋರಾ. ಉತ್ತರ ಗೋಳಾರ್ಧದಲ್ಲಿ ಇದನ್ನು ನಾರ್ದರ್ನ್ ಲೈಟ್ಸ್ ಎಂದೂ ಕರೆಯುತ್ತಾರೆ. ಸಾಮಾನ್ಯವಾಗಿ ಕಾಣುವ ಹಸಿರು ಬೆಳಕು ನೆಲದಿಂದ ಸುಮಾರು 100ರಿಂದ 150 ಕಿ.ಮೀ. ಎತ್ತರದ ಆಮ್ಲಜನಕದ್ದು. 200 ಕಿ.ಮೀ.ಗೂ ಮೇಲೆ ಅದೇ ಆಮ್ಲಜನಕ ಕೆಂಪಾಗಿ ಹೊಳೆಯುತ್ತದೆ. ಇದನ್ನು ನೋಡಲು ಹೋಗುವವರು ಅಕ್ಷಾಂಶ, ಚಂದ್ರ, ಮೋಡ, ರಾತ್ರಿಗಳ ಸಂಖ್ಯೆ, ಉಡುಪು ಎಲ್ಲವನ್ನೂ ತೂಗಬೇಕಾಗುತ್ತದೆ. ಆದರೆ ಇವೆಲ್ಲ ಒಂದೇ ಹೊತ್ತಿಗೆ ತಿಳಿಯುವ ಸಂಗತಿಗಳಲ್ಲ. ಅಕ್ಷಾಂಶ ಬದಲಾಗುವುದಿಲ್ಲ. ಚಂದ್ರನ ಸ್ಥಿತಿ ವರ್ಷಗಳ ಮುಂಚೆಯೇ ಗೊತ್ತಿರುತ್ತದೆ. ಮೋಡದ ಸುಳಿವು ಒಂದೆರಡು ದಿನ ಮುಂಚೆ ಸಿಗುತ್ತದೆ, ಸೌರಮಾರುತದ್ದು ಸುಮಾರು ಒಂದು ಗಂಟೆ ಮುಂಚೆ. ಯಾವುದನ್ನು ಯಾವಾಗ ನಿರ್ಧರಿಸಬೇಕು ಎಂಬುದು ಇದರಿಂದಲೇ ಸ್ಪಷ್ಟವಾಗುತ್ತದೆ.

ಬೆಂಗಳೂರಿನ ಕುಮಾರ ಪಾರ್ಕಿನ ಮಾಳಿಗೆಯ ಮೇಲೆ ನಿಂತರೆ ಧ್ರುವಪ್ರಭೆ ಏಕೆ ಕಾಣುವುದಿಲ್ಲ ಎಂಬುದಕ್ಕೆ ನಗರದ ದೀಪಗಳು ಕಾರಣವಲ್ಲ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಕಾಂತೀಯ ಲೆಕ್ಕದಲ್ಲಂತೂ ಸಮಭಾಜಕಕ್ಕೆ ಇನ್ನೂ ಹತ್ತಿರ. ಇಲ್ಲಿ ಕಾಂತರೇಖೆಗಳು ಹೆಚ್ಚುಕಡಿಮೆ ನೆಲಕ್ಕೆ ಸಮಾನಾಂತರವಾಗಿ ಹಾಯುವುದರಿಂದ ಕಣಗಳು ಅವುಗಳ ಗುಂಟ ಕೆಳಗಿಳಿಯಲಾರವು. ದೂರದ ಬೆಳಕಾದರೂ ಕಂಡೀತೇ ಎಂದರೆ ಅದಕ್ಕೂ ಭೂಮಿಯ ದುಂಡುತನ ಅಡ್ಡ ಬರುತ್ತದೆ. 400 ಕಿ.ಮೀ. ಎತ್ತರದ ಕೆಂಪು ಬೆಳಕು ತಾನಿರುವ ಅಕ್ಷಾಂಶದಿಂದ ಸುಮಾರು 20 ಡಿಗ್ರಿಯಷ್ಟು ದೂರದವರೆಗೆ ಮಾತ್ರ ದಿಗಂತದ ಅಂಚಿನಲ್ಲಿ ಕಾಣಬಲ್ಲದು. ಕುಮಾರ ಪಾರ್ಕಿನವರಿಗೆ ಕಾಣಬೇಕಾದರೆ ಅದು 33 ಡಿಗ್ರಿಯಲ್ಲಿ, ಅಂದರೆ ಲಡಾಖಿನ ನೆತ್ತಿಯ ಮೇಲೆ ಇರಬೇಕು.

2024ರ ಮೇ 10 ಮತ್ತು 11ರ ನಡುವಿನ ರಾತ್ರಿ, ಎರಡು ದಶಕಗಳಲ್ಲೇ ಅತಿ ತೀವ್ರವಾದ ಕಾಂತಬಿರುಗಾಳಿ ಎದ್ದಾಗಲೂ ಹಾಗಾಗಲಿಲ್ಲ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ ಭಾರತೀಯ ಖಗೋಳ ವೀಕ್ಷಣಾಲಯದ ಕ್ಯಾಮೆರಾಗಳು ಆ ರಾತ್ರಿ ಉತ್ತರ ದಿಗಂತದಲ್ಲಿ ಕೆಂಪು ಹೊಳಪನ್ನು ಸೆರೆಹಿಡಿದವು. ಬೆಳಕು ಹಾನ್ಲೆಯ ನೆತ್ತಿಯ ಮೇಲಿರಲಿಲ್ಲ, ಬಹಳ ಉತ್ತರದಲ್ಲಿತ್ತು. ಆ ವೀಕ್ಷಣಾಲಯವನ್ನು ನಡೆಸುವುದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ತಾರಾಭೌತ ಸಂಸ್ಥೆ. ಹಾನ್ಲೆಯ ಎರಡು ಮೀಟರ್ ದೂರದರ್ಶಕವನ್ನು ಹೊಸಕೋಟೆಯಿಂದಲೇ ಉಪಗ್ರಹ ಸಂಪರ್ಕದ ಮೂಲಕ ನಿಯಂತ್ರಿಸುತ್ತಾರೆ. ಆದರೂ ಧ್ರುವಪ್ರಭೆಗೆಂದೇ ಹಾನ್ಲೆಗೆ ಟಿಕೆಟ್ ತೆಗೆಸುವುದು ಸಲ್ಲದು. ಅಂಥ ರಾತ್ರಿ ಯಾವಾಗ ಬಂದೀತೆಂದು ಮುಂಚಿತವಾಗಿ ಹೇಳಲಾಗದು, ಬಂದರೂ ಆ ಹೊಳಪು ಬರಿಗಣ್ಣಿಗಿಂತ ಕ್ಯಾಮೆರಾಕ್ಕೇ ಚೆನ್ನಾಗಿ ಕಾಣುವಂಥದ್ದು.

ಅಕ್ಷಾಂಶ ನೋಡುವಾಗ ಶಾಲೆಯ ಭೂಪಟ ಒಂದನ್ನೇ ನಂಬಿದರೆ ಲೆಕ್ಕ ತಪ್ಪುತ್ತದೆ. ಧ್ರುವಪ್ರಭೆ ಕಾಣುವ ಅಂಡಾಕಾರದ ಪಟ್ಟಿ ಸುತ್ತುವರಿದಿರುವುದು ಭೂಗೋಳದ ಧ್ರುವವನ್ನಲ್ಲ, ಕಾಂತೀಯ ಧ್ರುವವನ್ನು, ಮತ್ತು ಅದು ಉತ್ತರ ಅಮೆರಿಕದ ಕಡೆಗೆ ವಾಲಿದೆ. ಟೊರಾಂಟೊ ನಗರವು ಲಂಡನ್ನಿಗಿಂತ ಸುಮಾರು 8 ಡಿಗ್ರಿ ದಕ್ಷಿಣದಲ್ಲಿದ್ದರೂ ಕಾಂತೀಯವಾಗಿ ಲಂಡನ್ನಿಗಿಂತ ಉತ್ತರದಲ್ಲಿದೆ. ಹಾಗಾಗಿ ಟೊರಾಂಟೊದಲ್ಲಿ ನೆಲೆಸಿದ ಕನ್ನಡ ಕುಟುಂಬಕ್ಕೆ ದೊಡ್ಡ ಬಿರುಗಾಳಿಯ ರಾತ್ರಿ ಊರಾಚೆ ಕಾರು ಓಡಿಸಿದರೆ ಧ್ರುವಪ್ರಭೆ ಸಿಗುವ ಸಂಭವ ಲಂಡನ್ನಿನಲ್ಲಿರುವ ನೆಂಟರಿಗಿಂತ ಹೆಚ್ಚು. ಕೆನಡದ ಯೆಲ್ಲೋನೈಫ್ 62 ಡಿಗ್ರಿಯಲ್ಲೇ ಆ ಪಟ್ಟಿಯ ಕೆಳಗಿದೆ. ಯೂರೋಪಿನಲ್ಲಿ ಅದೇ ಸೌಲಭ್ಯಕ್ಕೆ ಉತ್ತರ ನಾರ್ವೆಯ ಟ್ರಾಮ್ಸೊ ಅಥವಾ ಸ್ವೀಡನ್ನಿನ ಅಬಿಸ್ಕೊವರೆಗೆ, ಅಂದರೆ 68ರಿಂದ 70 ಡಿಗ್ರಿಯವರೆಗೆ ಹೋಗಬೇಕು. ಈ ಪಟ್ಟಿಯ ಕೆಳಗಿರುವ ಊರುಗಳಿಗೆ ಬಿರುಗಾಳಿ ಬೇಕಿಲ್ಲ. ಕಾಂತೀಯ ಚಟುವಟಿಕೆಯನ್ನು 0ಯಿಂದ 9ರವರೆಗೆ ಅಳೆಯುವ Kp ಸೂಚ್ಯಂಕ 1 ಅಥವಾ 2 ಇದ್ದ ರಾತ್ರಿಯೂ ಅಲ್ಲಿ ಹಸಿರು ಪಟ್ಟೆ ಮೂಡುವುದುಂಟು. ಹೆಚ್ಚಿನ Kpಗಾಗಿ ಕಾಯಬೇಕಾದವರು ದಕ್ಷಿಣದ ಊರುಗಳವರು.

ಊರು ನಿಶ್ಚಯವಾದ ಮೇಲೆ ಪಂಚಾಂಗದ ಸರದಿ. ಟ್ರಾಮ್ಸೊದಲ್ಲಿ ಬೇಸಿಗೆಯಿಡೀ ಕತ್ತಲೆಯೇ ಇರುವುದಿಲ್ಲವಾದ್ದರಿಂದ ಹೋಗಬೇಕಾದದ್ದು ಸೆಪ್ಟೆಂಬರಿನಿಂದ ಮಾರ್ಚ್ ಕೊನೆಯವರೆಗಿನ ಅವಧಿಯಲ್ಲಿ. ಕುಮಾರ ಪಾರ್ಕಿನ ಒಂದು ಮನೆಯವರು 2027ರ ಚಳಿಗಾಲಕ್ಕೆ ಯೋಜನೆ ಹಾಕುತ್ತಿದ್ದಾರೆ ಎಂದುಕೊಳ್ಳೋಣ. ಆ ವರ್ಷ ಫೆಬ್ರವರಿ 6ರಂದು ಪುಷ್ಯ ಬಹುಳ ಅಮಾವಾಸ್ಯೆ, ನಮ್ಮಲ್ಲಿ ಅವರಾತ್ರಿ ಅಮಾವಾಸ್ಯೆ ಎನ್ನುವುದು. ಅಂದು ಕಂಕಣ ಸೂರ್ಯಗ್ರಹಣವೂ ಉಂಟು, ಆದರೆ ಅದು ಕಾಣುವುದು ದಕ್ಷಿಣ ಅಮೆರಿಕ, ಆಫ್ರಿಕಗಳ ಕಡೆಗೆ. ಅಮಾವಾಸ್ಯೆಯ ಎರಡೂ ಬದಿಗೆ ನಾಲ್ಕು ನಾಲ್ಕು ದಿನ ಇಟ್ಟುಕೊಂಡರಾಯಿತು ಎಂದು ಯಾರಿಗಾದರೂ ತೋಚುತ್ತದೆ. ಆದರೆ ಆರ್ಕ್ಟಿಕ್ ವೃತ್ತದ ಆಚೆ ಶುಕ್ಲಪಕ್ಷಕ್ಕೂ ಕೃಷ್ಣಪಕ್ಷಕ್ಕೂ ದೊಡ್ಡ ವ್ಯತ್ಯಾಸವಿದೆ. ಫೆಬ್ರವರಿಯ ಸುಮಾರಿಗೆ ಕೃಷ್ಣಪಕ್ಷದ ಅಷ್ಟಮಿಯ ನಂತರದ ಚಂದ್ರ ಆಕಾಶದ ದಕ್ಷಿಣ ಭಾಗದಲ್ಲಿ ಚಲಿಸುತ್ತಾನೆ. ಬೆಂಗಳೂರಿನಲ್ಲಿ ನಡುರಾತ್ರಿಯ ನಂತರ ಮೂಡುವ ಆ ಚಂದ್ರ ಟ್ರಾಮ್ಸೊದಲ್ಲಿ ದಿಗಂತದ ಮೇಲೆ ಬರುವುದೇ ಇಲ್ಲ. ಶುಕ್ಲಪಕ್ಷದಲ್ಲಿ ಇದು ತಿರುಗಾಮುರುಗಾ: ಚಂದ್ರ ಉತ್ತರಕ್ಕೆ ಸರಿಯುತ್ತ ದಿನದಿನಕ್ಕೆ ಹೆಚ್ಚು ಹೊತ್ತು ಆಕಾಶದಲ್ಲಿರುತ್ತಾನೆ, ಅಷ್ಟಮಿಯ ಹೊತ್ತಿಗೆ ಮುಳುಗುವುದನ್ನೇ ಬಿಡುತ್ತಾನೆ. ಆದ್ದರಿಂದ ಜನವರಿ 31ರಿಂದ ಫೆಬ್ರವರಿ 7ರವರೆಗಿನ ವಾರ ಒಳ್ಳೆಯದು. ಫೆಬ್ರವರಿ 14ರ ನಂತರ ಹೋದವರಿಗೆ ಇಡೀ ರಾತ್ರಿ ಬೆಳದಿಂಗಳು. ಬೆಳದಿಂಗಳಿದ್ದರೆ ನೋಟ ಪೂರ್ತಿ ಕೆಡುತ್ತದೆ ಎಂದೇನಲ್ಲ. ಬಲವಾದ ಹಸಿರು ತೆರೆ ಹುಣ್ಣಿಮೆಯಲ್ಲೂ ಕಾಣುತ್ತದೆ, ಹಿಮದ ಬೆಟ್ಟಗಳ ಚಿತ್ರವೂ ಚೆನ್ನಾಗಿ ಬರುತ್ತದೆ. ಮಾಸಿಹೋಗುವುದು ಮೆಲುವಾದ ಪಟ್ಟೆಗಳು, ಮತ್ತು ಹೆಚ್ಚಿನ ರಾತ್ರಿಗಳಲ್ಲಿ ಇರುವುದು ಅವೇ.

ಚಂದ್ರನಿಗಿಂತ ಮೋಡ ಎಷ್ಟೋ ಪಾಲು ಮುಖ್ಯ. ಬಹುಪಾಲು ಜನ ಬರಿಗೈಯಲ್ಲಿ ಮರಳುವುದು ಸೂರ್ಯ ಶಾಂತನಾಗಿದ್ದನೆಂದಲ್ಲ, ಮೋಡ ಕವಿದಿತ್ತೆಂದು. ಧ್ರುವಪ್ರಭೆ ಮೋಡಕ್ಕಿಂತ ಹತ್ತು ಪಟ್ಟು ಎತ್ತರದಲ್ಲಿರುವುದರಿಂದ ಮೋಡದ ಸಂದಿಯಲ್ಲಿ ಮಾತ್ರ ಕಾಣುತ್ತದೆ. ನಾರ್ವೆಯ ಕರಾವಳಿಯ ಹವೆಯನ್ನು ಅರಿಯಲು ಪಶ್ಚಿಮ ಘಟ್ಟವನ್ನು ನೆನೆದರೆ ಸಾಕು: ಕಡಲ ಗಾಳಿ ಆಗುಂಬೆಯಲ್ಲಿ ಸುರಿದು ಚಿತ್ರದುರ್ಗಕ್ಕೆ ಬರುವಾಗ ಒಣಗಿರುವಂತೆ, ಅಲ್ಲಿಯೂ ಪಡುವಣ ಗಾಳಿ ಟ್ರಾಮ್ಸೊದ ಮೇಲೆ ಮೋಡ ಕವಿಸಿ, ಲಿಂಗೆನ್ ಬೆಟ್ಟಸಾಲು ದಾಟುವಾಗ ತೇವ ಕಳೆದುಕೊಳ್ಳುತ್ತದೆ. ಬೆಟ್ಟದ ಮರೆಯಲ್ಲಿರುವ ಶಿಬೊಟ್ನ್ ಕಣಿವೆಯ ಆಕಾಶ ಹಲವೊಮ್ಮೆ ತಿಳಿಯಾಗಿರುತ್ತದೆ. ಅಲ್ಲಿ ಖಗೋಳ ವೀಕ್ಷಣಾಲಯ ಕಟ್ಟಿರುವುದಕ್ಕೂ ಅದೇ ಕಾರಣ. ಟ್ರಾಮ್ಸೊದಿಂದ ಅದು ಸುಮಾರು ಎರಡು ಗಂಟೆಯ ಹಾದಿ, ಇನ್ನೂ ಮುಂದೆ ಹೋದರೆ ಫಿನ್ಲೆಂಡಿನ ಗಡಿಯ ಕಿಲ್ಪಿಸ್ಯಾರ್ವಿ. ಅಬಿಸ್ಕೊ ಹೆಸರಾಗಿರುವುದೂ ಇಂಥ ಮಳೆನೆರಳಿನಿಂದ; ಅಲ್ಲಿ ವರ್ಷಕ್ಕೆ ಬೀಳುವುದು ಸುಮಾರು 300 ಮಿ.ಮೀ. ಮಳೆ.

ಎಷ್ಟು ರಾತ್ರಿ ಉಳಿಯಬೇಕು ಎಂಬ ಪ್ರಶ್ನೆಗೆ ಉತ್ತರವೂ ಈ ಮೋಡದಲ್ಲೇ ಇದೆ. ಒಂದು ರಾತ್ರಿ ಆಕಾಶ ತಿಳಿಯಾಗುವ ಸಂಭವ ಮೂರರಲ್ಲಿ ಒಂದು ಎಂದು ಹಿಡಿಯೋಣ. ಆಗ ಒಮ್ಮೆಯಾದರೂ ತಿಳಿ ಆಕಾಶ ಸಿಗುವ ಸಂಭವ ಎರಡು ರಾತ್ರಿ ಉಳಿದವರಿಗೆ ಶೇಕಡ 56, ಮೂರು ರಾತ್ರಿಗೆ 70, ಐದಕ್ಕೆ 87, ಏಳಕ್ಕೆ 94. ಈ ಲೆಕ್ಕ ಪ್ರತಿ ರಾತ್ರಿಯೂ ಹಿಂದಿನದರಿಂದ ಸ್ವತಂತ್ರ ಎಂದು ಭಾವಿಸುತ್ತದೆ. ನಿಜದಲ್ಲಿ ಮೋಡ ಗುಂಪಾಗಿ ಬರುತ್ತದೆ, ಒಂದು ವಾಯುಭಾರ ಕುಸಿತ ಮೂರು ದಿನ ಊರನ್ನು ಮುಚ್ಚಬಹುದು. ಆದ್ದರಿಂದ ಮೂರು ರಾತ್ರಿಯ ಪ್ಯಾಕೇಜ್ ಪ್ರವಾಸ ಕಾಣುವಷ್ಟು ಭರವಸೆಯದಲ್ಲ. ಐದು ರಾತ್ರಿ ಕನಿಷ್ಠ ಎಂದಿಟ್ಟುಕೊಳ್ಳಬೇಕು. ದುಡ್ಡು ಅಷ್ಟೇ ಇದ್ದರೆ, ಮೂರು ರಾತ್ರಿ ದುಬಾರಿ ಗಾಜಿನ ಕೋಣೆಯಲ್ಲಿ ಮಲಗುವುದಕ್ಕಿಂತ ಐದು ರಾತ್ರಿ ಸಾಧಾರಣ ಕೋಣೆ ಹಿಡಿದು, ಮೋಡವಿಲ್ಲದ ಕಡೆಗೆ ಓಡಾಡಿಸುವ ವ್ಯಾನಿನಲ್ಲಿ ಹೋಗುವುದು ಮೇಲು. ಗಾಜಿನ ಕೋಣೆ ಮೋಡದ ಕೆಳಗೇ ಉಳಿಯುತ್ತದೆ, ವ್ಯಾನು ಕದಲುತ್ತದೆ. ಹಿಮಗಟ್ಟಿದ ರಸ್ತೆಯಲ್ಲಿ ಓಡಿಸಿ ಅಭ್ಯಾಸವಿಲ್ಲದವರು ಬಾಡಿಗೆ ಕಾರಿನ ಆಸೆ ಬಿಡಬೇಕು.

ಅಲ್ಲಿಗೆ ತಲುಪಿದ ಮೇಲೆ ಪ್ರತಿ ಮಧ್ಯಾಹ್ನ ನೋಡಬೇಕಾದದ್ದು ಮೋಡವನ್ನು ಕೆಳ, ನಡು, ಮೇಲಿನ ಪದರಗಳಾಗಿ ಬಿಡಿಸಿ ತೋರಿಸುವ ಮುನ್ಸೂಚನೆ. ಮೇಲಿನ ತೆಳು ಮೋಡ ಅಷ್ಟು ತೊಂದರೆ ಮಾಡದು, ಕೆಳಗಿನದು ಪೂರ್ತಿ ಮುಚ್ಚುತ್ತದೆ. ಸೌರಮಾರುತದ ಮಾಹಿತಿ ಬರುವುದು ಭೂಮಿಯಿಂದ 15 ಲಕ್ಷ ಕಿ.ಮೀ. ದೂರದ ಎಲ್1 ಬಿಂದುವಿನ ನೌಕೆಗಳಿಂದ. ಇಸ್ರೋದ ಆದಿತ್ಯ-ಎಲ್1 ಕೂಡ 2024ರ ಜನವರಿ 6ರಿಂದ ಅಲ್ಲೇ ಸುತ್ತುತ್ತಿದೆ. ಮಾರುತದ ವೇಗ ಸೆಕೆಂಡಿಗೆ 400 ಕಿ.ಮೀ. ಇದ್ದರೆ ಆ ದೂರ ಕ್ರಮಿಸಲು ಒಂದು ಗಂಟೆಯ ಮೇಲೆ ತುಸು ಹೊತ್ತು ಬೇಕು, ನಮಗೆ ಸಿಗುವ ಮುನ್ನೆಚ್ಚರಿಕೆಯೂ ಅಷ್ಟೇ. ಆಗ ನೋಡಬೇಕಾದ ಅಂಕಿ Bz: ಅದು ಋಣಾತ್ಮಕವಾಗಿ ಕೆಲಕಾಲ ನಿಂತರೆ ಸೌರಮಾರುತದ ಕಾಂತಕ್ಷೇತ್ರ ದಕ್ಷಿಣಕ್ಕೆ ಮುಖ ಮಾಡಿ ಭೂಮಿಯ ಕ್ಷೇತ್ರದೊಡನೆ ಬೆಸೆದುಕೊಂಡಿದೆ ಎಂದರ್ಥ, ಹೊರಗೆ ಹೋಗಲು ಅದೇ ಸಮಯ. ಇದಕ್ಕಿಂತ ಮುಂಚಿನ ಸುಳಿವೂ ಒಂದಿದೆ: ಸೂರ್ಯ ಸುಮಾರು 27 ದಿನಕ್ಕೊಮ್ಮೆ ತಿರುಗುವುದರಿಂದ, ಅದರ ಮೇಲಿನ ಕರೋನಾ ರಂಧ್ರ ದೀರ್ಘಕಾಲ ಉಳಿದರೆ ಅದರಿಂದ ಬರುವ ವೇಗದ ಮಾರುತ 27 ದಿನದ ಮೇಲೆ ಮರಳಬಹುದು.

ಟ್ರಾಮ್ಸೊದಲ್ಲಿ ರಾತ್ರಿ ಒಂಬತ್ತರಿಂದ ಒಂದರವರೆಗಿನ ಹೊತ್ತು ಪ್ರಶಸ್ತ. ಬೆಂಗಳೂರಿನ ಗಡಿಯಾರ ನಾಲ್ಕೂವರೆ ಗಂಟೆ ಮುಂದಿರುವುದರಿಂದ ಅಲ್ಲಿ ಹತ್ತು ಗಂಟೆಯಾದಾಗ ಮೈಗೆ ಬೆಳಗಿನ ಜಾವ ಎರಡೂವರೆ. ಮೊದಲ ಎರಡು ದಿನ ಮಧ್ಯಾಹ್ನ ಮಲಗದಿದ್ದರೆ ಅತ್ಯುತ್ತಮ ಹೊತ್ತಿನಲ್ಲೇ ಕಣ್ಣೆಳೆಯುತ್ತದೆ. ಚಿತ್ರಗಳಲ್ಲಿ ಕಂಡ ಗಾಢ ಹಸಿರನ್ನು ಮನಸ್ಸಿನಲ್ಲಿಟ್ಟು ನಿಂತವರು ಎಷ್ಟೋ ಸಲ ಧ್ರುವಪ್ರಭೆಯನ್ನು ಮೋಡವೆಂದೇ ಬಿಟ್ಟುಬಿಡುತ್ತಾರೆ. ಮಂದ ಬೆಳಕಿನಲ್ಲಿ ಕಣ್ಣಿಗೆ ಬಣ್ಣ ತಿಳಿಯದು, ಮೆಲುವಾದ ಪಟ್ಟೆ ಬೂದುಬಿಳುಪಾಗಿ ತೋರುತ್ತದೆ. ಅದರೊಳಗಿಂದ ನಕ್ಷತ್ರ ಕಂಡರೆ, ಫೋನಿನ ರಾತ್ರಿ ಮೋಡಿನಲ್ಲಿ ಮೂರು ಸೆಕೆಂಡಿನ ಚಿತ್ರ ಹಸಿರಾಗಿ ಬಂದರೆ ಅದು ಧ್ರುವಪ್ರಭೆ.

ಬೆಂಗಳೂರಿನಲ್ಲಿ ದಾಖಲಾದ ಕನಿಷ್ಠ ತಾಪಮಾನ 1884ರ ಜನವರಿ 13ರ 7.8 ಡಿಗ್ರಿ ಸೆಲ್ಸಿಯಸ್. ಶಿಬೊಟ್ನಿನಿಂದ ಒಳನಾಡಿಗೆ ಹೋದರೆ ಮೈನಸ್ 20 ಅಪರೂಪವಲ್ಲ, ಮತ್ತು ಆಕಾಶ ತಿಳಿಯಾದಷ್ಟೂ ಚಳಿ ಹೆಚ್ಚು. ನಡೆಯುವವರಿಗಿಂತ ಕದಲದೆ ಎರಡು ಗಂಟೆ ನಿಲ್ಲುವವರಿಗೆ ಇದು ಕಷ್ಟ. ಒಳಗಿನ ಪದರ ಉಣ್ಣೆಯದಾಗಿರಬೇಕು, ಹತ್ತಿಯ ಬನಿಯನ್ ಬೆವರನ್ನು ಹಿಡಿದಿಟ್ಟು ಮೈಯನ್ನು ತಣ್ಣಗಾಗಿಸುತ್ತದೆ. ಅದರ ಮೇಲೆ ದಪ್ಪ ಸ್ವೆಟರ್ ಅಥವಾ ಫ್ಲೀಸ್, ಮೇಲೆ ಹಕ್ಕಿಗರಿ ತುಂಬಿದ ಜಾಕೆಟ್, ಎಲ್ಲಕ್ಕೂ ಹೊರಗೆ ಗಾಳಿ ತಡೆಯುವ ಪದರ. ಹೊರಗಿನ ದಪ್ಪ ಉಡುಪನ್ನೂ ಬೂಟನ್ನೂ ಅಲ್ಲಿ ಬಾಡಿಗೆಗೆ ಕೊಡುತ್ತಾರೆ, ಕೊಂಡು ಒಯ್ಯಬೇಕಾಗಿಲ್ಲ. ಒಳಪದರ ಮಾತ್ರ ಸ್ವಂತದ್ದಿರಲಿ. ಮೊದಲು ಸೋಲುವುದು ಕಾಲು. ಬಿಗಿ ಬೂಟಿನೊಳಗೆ ಎರಡು ಜೊತೆ ಸಾಕ್ಸ್ ತುರುಕಿದರೆ ರಕ್ತಸಂಚಾರ ಕುಗ್ಗಿ ಬೆರಳು ಬೇಗ ಮರಗಟ್ಟುತ್ತದೆ. ಒಂದಳತೆ ದೊಡ್ಡ ಬೂಟು, ಒಂದು ದಪ್ಪ ಉಣ್ಣೆ ಸಾಕ್ಸ್, ನಿಲ್ಲಲು ಕೆಳಗೊಂದು ಫೋಮ್ ಚಾಪೆ ಇದ್ದರೆ ವಾಸಿ. ನಮ್ಮ ಮಂಕಿ ಟೋಪಿ ಕಿವಿ, ಕುತ್ತಿಗೆಗೆ ಸಾಕು, ಆದರೆ ಬಾಯಿಯ ಬಳಿ ಉಸಿರಿನ ತೇವ ಹೆಪ್ಪುಗಟ್ಟುವುದರಿಂದ ಆಗಾಗ ಸರಿಸಿಕೊಳ್ಳಬೇಕು. ಬೆರಳು ನೋವು ನಿಂತು ಬೆಳ್ಳಗೆ ಜೋಮು ಹಿಡಿದರೆ ಚಳಿ ಅಭ್ಯಾಸವಾಯಿತೆಂದಲ್ಲ, ಹಿಮಕಡಿತದ ಮೊದಲ ಲಕ್ಷಣ. ತಕ್ಷಣ ವ್ಯಾನಿನೊಳಗೆ ಹೋಗಬೇಕು, ಬೆರಳನ್ನು ತಿಕ್ಕದೆ ಕಂಕುಳಲ್ಲಿಟ್ಟು ಬೆಚ್ಚಗಾಗಿಸಬೇಕು. ಫೋನನ್ನೂ ಕ್ಯಾಮೆರಾದ ಹೆಚ್ಚುವರಿ ಬ್ಯಾಟರಿಯನ್ನೂ ಮೈಗೆ ಹತ್ತಿದ ಜೇಬಿನಲ್ಲಿಡಬೇಕು. ಕ್ಯಾಮೆರಾವನ್ನು ಹೊರಗೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿ, ಕೋಣೆಯಲ್ಲಿ ಅದು ಬೆಚ್ಚಗಾದ ಮೇಲೆಯೇ ಬಿಚ್ಚಬೇಕು, ಇಲ್ಲವಾದರೆ ಮಸೂರದ ಮೇಲೆ ನೀರು ಕಟ್ಟುತ್ತದೆ.